ಎರಡು ಸಲ ಅಧಿಕಾರ ಬದಲಾದರೆ ಪ್ರಜಾಪ್ರಭುತ್ವ ಪಾಸಾ? ರಾಜ್ಯಶಾಸ್ತ್ರದ ಪಠ್ಯ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಕಾರವಾರದ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳ ಉತ್ತರ ಪತ್ರಿಕೆಯ ಜೆರಾಕ್ಸ್ ಪ್ರತಿ ನನ್ನ ಮೇಜಿನ ಮೇಲಿದೆ. ಅದನ್ನು ಓದಿದ ಮೇಲೆ ನಿಮಗೆ ಬರೆಯದೆ ಇರಲು ಆಗಲಿಲ್ಲ.

ಪ್ರಶ್ನೆ ಹತ್ತು ಅಂಕದ್ದು. ‘ಪ್ರಜಾಪ್ರಭುತ್ವ ಪರಿವರ್ತನೆಯ ಹಂತಗಳನ್ನು ವಿವರಿಸಿ.’ ಮಾದರಿ ಉತ್ತರದಲ್ಲಿ ಐದು ಹಂತ. ಹಳೆಯ ಸರ್ವಾಧಿಕಾರ ಬೀಳುತ್ತದೆ, ಮಧ್ಯಂತರ ಸರ್ಕಾರ ಬರುತ್ತದೆ, ಮೊದಲ ಮುಕ್ತ ಚುನಾವಣೆ ನಡೆಯುತ್ತದೆ, ಹೊಸ ಸಂವಿಧಾನ ಬರುತ್ತದೆ, ಕೊನೆಗೆ ಪ್ರಜಾಪ್ರಭುತ್ವ ಗಟ್ಟಿಯಾಗುತ್ತದೆ. ಗಟ್ಟಿಯಾಯಿತು ಎಂದು ತಿಳಿಯುವುದು ಹೇಗೆ? ಎರಡು ಸಲ ಶಾಂತಿಯಿಂದ ಅಧಿಕಾರ ಕೈ ಬದಲಾದರೆ ಆಯಿತು ಎನ್ನುತ್ತದೆ ನಮ್ಮ ಪಠ್ಯ. ಈ ಹುಡುಗಿ ಐದೂ ಹಂತಗಳನ್ನು ಬರೆದಿದ್ದಾಳೆ. ಆಮೇಲೆ ಒಂದೂವರೆ ಪುಟ ಉತ್ತರ ಆಫ್ರಿಕಾದ ಟುನೀಷಿಯಾದ ಕಥೆ ಬರೆದು, ‘ಈ ದೇಶ ಎಲ್ಲ ಹಂತ ದಾಟಿತ್ತು, ಆದರೂ 2021ರಲ್ಲಿ ಹಿಂದಕ್ಕೆ ಹೋಯಿತು, ಹಾಗಾಗಿ ಎರಡು ಸಲದ ಲೆಕ್ಕ ಸಾಲುವುದಿಲ್ಲ’ ಎಂದು ಮುಗಿಸಿದ್ದಾಳೆ. ಆ ಒಂದೂವರೆ ಪುಟಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ವಿಷಯಾಂತರ’ ಎಂದು ಬರೆಯಲಾಗಿದೆ.

ಅದು ವಿಷಯಾಂತರ ಅಲ್ಲ. ವಿಷಯ ಇರುವುದೇ ಅಲ್ಲಿ. ಮೌಲ್ಯಮಾಪನ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೈಯಲ್ಲಿ ಇದ್ದದ್ದು ನೀವು ಕೊಟ್ಟ ಮಾದರಿ ಉತ್ತರ. ತಕರಾರು ಆ ಮಾದರಿಯ ಬಗ್ಗೆ.

ಎರಡು ಸಲದ ಪರೀಕ್ಷೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ 1991ರಲ್ಲಿ ಮುಂದಿಟ್ಟದ್ದು. ಮೊದಲ ಚುನಾವಣೆ ಗೆದ್ದವರು ಮುಂದೆ ಸೋತು ಕುರ್ಚಿ ಬಿಟ್ಟುಕೊಡಬೇಕು. ಅವರನ್ನು ಸೋಲಿಸಿದವರೂ ಆಮೇಲೆ ಸೋತು ಬಿಟ್ಟುಕೊಡಬೇಕು. ಇದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಸೋತವರು ಸುಮ್ನೆ ಮನೆಗೆ ಹೋಗಿ ಮುಂದಿನ ಚುನಾವಣೆಗೆ ಕಾಯುತ್ತಾರೆ ಎನ್ನುವುದು ಸಣ್ಣ ಸಂಗತಿಯಲ್ಲ. ಆದರೆ ಈ ಪರೀಕ್ಷೆ ನೋಡುವುದು ಸೋತವರ ನಡತೆಯನ್ನು ಮಾತ್ರ. ಗೆದ್ದವನೇ ಆಟದ ನಿಯಮ ಬದಲಿಸಲು ಹೊರಟರೆ ತಡೆಯುವವರು ಯಾರು ಎಂದು ಅದು ಕೇಳುವುದಿಲ್ಲ. ಈಚಿನ ವರ್ಷಗಳಲ್ಲಿ ಹೊಸ ಪ್ರಜಾಪ್ರಭುತ್ವಗಳು ಹೆಚ್ಚಾಗಿ ಮುರಿದದ್ದು ಈ ಎರಡನೇ ದಾರಿಯಲ್ಲಿ, ಚುನಾವಣೆ ಗೆದ್ದು ಬಂದವರ ಕೈಯಲ್ಲೇ.

ಟುನೀಷಿಯಾವನ್ನು ನಾನು ತರಗತಿಯಲ್ಲಿ ನಿಧಾನವಾಗಿ ಹೇಳುತ್ತೇನೆ. ಶುರುವಾಗುವುದು ಒಂದು ತಳ್ಳುಗಾಡಿಯಿಂದ. 2010ರ ಡಿಸೆಂಬರ್ 17ರಂದು ಸೀದಿ ಬೂಝೀದ್ ಎಂಬ ಒಳನಾಡಿನ ಊರಿನಲ್ಲಿ ಹಣ್ಣು ಮಾರುತ್ತಿದ್ದ 26 ವರ್ಷದ ಮೊಹಮ್ಮದ್ ಬುವಾಝೀಝಿಯ ಸಾಮಾನನ್ನು ಅಧಿಕಾರಿಗಳು ಕಿತ್ತುಕೊಂಡರು. ದೂರು ಕೊಡಲು ಹೋದರೆ ಕೇಳುವವರಿಲ್ಲ. ಸರ್ಕಾರಿ ಕಚೇರಿಯ ಮುಂದೆಯೇ ಅವನು ಮೈಗೆ ಬೆಂಕಿ ಹಚ್ಚಿಕೊಂಡ. ಇದನ್ನು ಹೇಳಿದ ದಿನ ಇದೇ ಹುಡುಗಿ ಕೇಳಿದಳು, ‘ಮೇಡಂ, ಅವನ ತಕ್ಕಡಿಯನ್ನೂ ಒಯ್ದಿದ್ರಾ?’ ಒಯ್ದಿದ್ದರು ಎಂದೆ. ಅವಳ ತಾಯಿ ಮಾಜಾಳಿಯಿಂದ ಬಂದು ಕಾರವಾರದಲ್ಲಿ ಮೀನು ಮಾರುತ್ತಾರೆ. ದಾರಿ ಬದಿಯಲ್ಲಿ ಬುಟ್ಟಿ ಇಟ್ಟು ಕೂತವರಿಗೆ ತಕ್ಕಡಿ ಹೋದರೆ ಆ ದಿನದ ದುಡಿಮೆಯೇ ಹೋದ ಹಾಗೆ. ಇಡೀ ತರಗತಿಯಲ್ಲಿ ಆ ಪ್ರಶ್ನೆ ಹೊಳೆದದ್ದು ಅವಳೊಬ್ಬಳಿಗೇ.

ನಾಲ್ಕು ವಾರದಲ್ಲಿ, 2011ರ ಜನವರಿ 14ರಂದು, 23 ವರ್ಷ ಆಳಿದ್ದ ಬೆನ್ ಅಲಿ ಸೌದಿ ಅರೇಬಿಯಾಕ್ಕೆ ಓಡಿಹೋದ. ಇಲ್ಲಿಗೆ ಮೊದಲ ಹಂತ ಮುಗಿಯಿತು. ನಮ್ಮ ಪಠ್ಯ ಮಧ್ಯಂತರ ಅವಧಿಯನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತದೆ. ನಿಜವಾದ ನಿರ್ಧಾರಗಳು ಆಗಿದ್ದು ಆಗಲೇ. ಚುನಾವಣೆ ಯಾವ ಪದ್ಧತಿಯಲ್ಲಿ ನಡೆಯಬೇಕು ಎಂದು ಕೂತು ಮಾತಾಡಿದವರಿಗೆ ಒಂದು ಭಯ ಇತ್ತು. ಎನ್ನಹ್ದಾ ಎಂಬ ಧಾರ್ಮಿಕ ಪಕ್ಷಕ್ಕೆ ಮಾತ್ರ ದೇಶದ ಉದ್ದಗಲಕ್ಕೂ ಸಂಘಟನೆ ಇತ್ತು. ನಮ್ಮಲ್ಲಿಯ ಹಾಗೆ ಪ್ರತಿ ಕ್ಷೇತ್ರದಲ್ಲೂ ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ ಪದ್ಧತಿ ಇಟ್ಟರೆ ಆ ಒಂದೇ ಪಕ್ಷ ಸಂವಿಧಾನ ಬರೆದುಬಿಡಬಹುದು. ಅದಕ್ಕೇ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿ ತಂದರು, ಅದರಲ್ಲೂ ಸಣ್ಣ ಪಕ್ಷಗಳಿಗೆ ಲಾಭವಾಗುವ ಸೂತ್ರ. 2011ರ ಅಕ್ಟೋಬರ್ 23ರ ಚುನಾವಣೆಯಲ್ಲಿ ಎನ್ನಹ್ದಾ ಬಹುತೇಕ ಎಲ್ಲ ಕಡೆ ಮುಂದಿತ್ತು. ಆದರೂ 217ರಲ್ಲಿ ಸಿಕ್ಕಿದ್ದು 89 ಸ್ಥಾನ. ಅನಿವಾರ್ಯವಾಗಿ ಎರಡು ಜಾತ್ಯತೀತ ಪಕ್ಷಗಳ ಜೊತೆ ಸೇರಿ ಸರ್ಕಾರ ಮಾಡಬೇಕಾಯಿತು.

ಆ ದಿನಕ್ಕೆ ಇದು ಬಹಳ ಜಾಣ ನಿರ್ಧಾರ. ಯಾರೂ ಒಬ್ಬರೇ ಗೆಲ್ಲಲಿಲ್ಲ, ಹಾಗಾಗಿ ಯಾರೂ ಆಟ ಬಿಟ್ಟು ಹೋಗಲಿಲ್ಲ. ಆದರೆ ಈ ನಿರ್ಧಾರವನ್ನು ನೆನಪಿಟ್ಟುಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮುಂದೆ ಇದರದ್ದೇ ಇನ್ನೊಂದು ಮುಖ ಕಾಣಿಸುತ್ತದೆ.

2013ರಲ್ಲಿ ಎಲ್ಲ ಕುಸಿಯುವ ಹಾಗಾಯಿತು. ಫೆಬ್ರವರಿಯಲ್ಲಿ ಚೋಕ್ರಿ ಬೆಲೈದ್, ಜುಲೈ 25ರಂದು ಮೊಹಮ್ಮದ್ ಬ್ರಾಹ್ಮಿ, ಹೀಗೆ ಇಬ್ಬರು ಎಡಪಂಥೀಯ ನಾಯಕರ ಕೊಲೆಯಾಯಿತು. ಅದೇ ಜುಲೈ ಆರಂಭದಲ್ಲಿ ಈಜಿಪ್ಟಿನಲ್ಲಿ ಸೇನೆ ಚುನಾಯಿತ ಅಧ್ಯಕ್ಷನನ್ನು ಇಳಿಸಿತ್ತು. ಟುನೀಷಿಯಾವನ್ನು ಆಗ ಉಳಿಸಿದ್ದು ನಾಲ್ಕು ಸಂಘಟನೆಗಳು. ದೊಡ್ಡ ಕಾರ್ಮಿಕ ಒಕ್ಕೂಟ, ಅದರ ಎದುರಾಳಿಯಾದ ಮಾಲೀಕರ ಸಂಘ, ಮಾನವ ಹಕ್ಕುಗಳ ಲೀಗ್ ಮತ್ತು ವಕೀಲರ ಸಂಘ. ಇವು ಪಕ್ಷಗಳನ್ನು ಒಂದೇ ಮೇಜಿಗೆ ಕೂರಿಸಿದವು. ಎನ್ನಹ್ದಾ ಸರ್ಕಾರ ಬಿಟ್ಟುಕೊಟ್ಟಿತು, ಪಕ್ಷಾತೀತ ಸರ್ಕಾರ ಬಂತು. 2014ರ ಜನವರಿ 26ರಂದು ಹೊಸ ಸಂವಿಧಾನದ ಪರವಾಗಿ 217ರಲ್ಲಿ 200 ಮತ ಬಿದ್ದವು. ಈ ನಾಲ್ಕು ಸಂಘಟನೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು.

2014ರ ಕೊನೆಗೆ ಎನ್ನಹ್ದಾ ಸೋತು ನಿದಾ ತೂನಿಸ್ ಎಂಬ ಹೊಸ ಪಕ್ಷ ಮೊದಲ ಸ್ಥಾನಕ್ಕೆ ಬಂತು. ಅದರ ನಾಯಕ ಎಸೆಬ್ಸಿ ಅಧ್ಯಕ್ಷರಾದರು. ಒಂದು ಹಸ್ತಾಂತರ ಆಯಿತು. 2019ರಲ್ಲಿ ಎಸೆಬ್ಸಿ ತೀರಿಕೊಂಡರು, ಅವರ ಪಕ್ಷವೂ ನೆಲಕಚ್ಚಿತು. ಯಾವ ಪಕ್ಷಕ್ಕೂ ಸೇರದ, ಸಂವಿಧಾನ ಕಾನೂನು ಪಾಠ ಮಾಡುತ್ತಿದ್ದ ಕೈಸ್ ಸಯೀದ್ ಶೇಕಡಾ 72ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾದರು. ಎರಡನೇ ಹಸ್ತಾಂತರವೂ ಶಾಂತಿಯಿಂದಲೇ ಆಯಿತು. ನಿಮ್ಮ ಮಾದರಿ ಉತ್ತರದ ಪ್ರಕಾರ ಇಲ್ಲಿಗೆ ಟುನೀಷಿಯಾ ಪಾಸು. ಎರಡು ವರ್ಷ ತುಂಬುವ ಮೊದಲೇ ಸಂಸತ್ತಿನ ಗೇಟಿನ ಮುಂದೆ ಸೇನೆಯ ವಾಹನ ನಿಂತಿತ್ತು.

ಇದು ಹೇಗಾಯಿತು ಎಂದು ತಿಳಿಯಲು ಒಂದು ಕಟ್ಟದ ನ್ಯಾಯಾಲಯದ ಕಥೆ ಗೊತ್ತಿರಬೇಕು. 2014ರ ಸಂವಿಧಾನದಲ್ಲಿ ಒಂದು ಸಂವಿಧಾನ ನ್ಯಾಯಾಲಯ ಇತ್ತು. ಹನ್ನೆರಡು ಸದಸ್ಯರು. ನಾಲ್ವರನ್ನು ಸಂಸತ್ತು, ನಾಲ್ವರನ್ನು ನ್ಯಾಯಾಂಗ ಮಂಡಳಿ, ನಾಲ್ವರನ್ನು ಅಧ್ಯಕ್ಷರು ಆರಿಸಬೇಕು. ಸಂಸತ್ತಿನ ಚುನಾವಣೆಯಾದ ಒಂದು ವರ್ಷದೊಳಗೆ ಈ ಕೋರ್ಟು ಕೂರಬೇಕು ಎಂದು ಸಂವಿಧಾನದಲ್ಲೇ ಗಡುವು ಬರೆದಿತ್ತು. ಅಧ್ಯಕ್ಷರಿಗೂ ಪ್ರಧಾನಿಗೂ ಅಧಿಕಾರದ ಜಗಳ ಬಂದರೆ ತೀರ್ಪು ಹೇಳಬೇಕಾದವರು ಇವರೇ.

ಸಂಸತ್ತು ತನ್ನ ಪಾಲಿನ ನಾಲ್ವರನ್ನು ಮೂರನೇ ಎರಡರಷ್ಟು ಬಹುಮತದಿಂದ, ಅಂದರೆ 145 ಮತಗಳಿಂದ ಆರಿಸಬೇಕಿತ್ತು. ಉದ್ದೇಶ ಒಳ್ಳೆಯದೇ, ಒಂದೇ ಪಕ್ಷ ತನ್ನವರನ್ನು ತುಂಬಬಾರದು ಎಂದು. ಆದರೆ 2011ರಲ್ಲಿ ಯಾರಿಗೂ ಬಹುಮತ ಸಿಗದಂತೆ ಮಾಡಿದ ಅದೇ ಚುನಾವಣಾ ಪದ್ಧತಿ ಮುಂದೆಯೂ ಉಳಿದಿತ್ತು. ಸಂಸತ್ತು ಚೂರುಚೂರಾಗಿತ್ತು, ನಿದಾ ತೂನಿಸ್ ಒಳಗೇ ಒಡೆದಿತ್ತು. ಪ್ರತಿ ಪಕ್ಷಕ್ಕೂ ತನ್ನ ಅಭ್ಯರ್ಥಿ ಬೇಕು, ಇನ್ನೊಬ್ಬರ ಅಭ್ಯರ್ಥಿ ಬೇಡ. ಮತದಾನದ ಮೇಲೆ ಮತದಾನ ನಡೆಯಿತು. 2018ರ ಮಾರ್ಚ್‌ನಲ್ಲಿ ಒಬ್ಬ ನ್ಯಾಯಾಧೀಶೆ ಆಯ್ಕೆಯಾದರು. ಅಷ್ಟೇ. ಉಳಿದ ಮೂವರಿಗೆ 145 ಮತ ಕೊನೆಗೂ ಸಿಗಲಿಲ್ಲ. ಪರಿವರ್ತನೆಯನ್ನು ಸಾಧ್ಯವಾಗಿಸಿದ ನಿಯಮವೇ ಅದು ಗಟ್ಟಿಯಾಗುವುದಕ್ಕೆ ಅಡ್ಡ ಬಂತು. ಹಂತಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಜೋಡಿಸಿದರೆ ಇದು ಕಾಣುವುದೇ ಇಲ್ಲ.

ಆ ವರ್ಷಗಳಲ್ಲಿ ಈ ಖಾಲಿ ಕೋರ್ಟಿಗಾಗಿ ಬೀದಿಗಿಳಿದವರು ತೀರಾ ಕಡಿಮೆ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಇಲ್ಲದ ಸಂಸ್ಥೆಯ ಕೊರತೆ ದಿನದ ಬದುಕಿನಲ್ಲಿ ತಟ್ಟುವುದಿಲ್ಲ. ನಮ್ಮ ಉತ್ತರ ಕನ್ನಡವನ್ನೇ ನೋಡಿ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ ರಾಜ್ಯದಾದ್ಯಂತ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಬೇಕು ಎಂದು ನಮ್ಮ ಸಂವಿಧಾನವೂ ಹೇಳುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ, ಇಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟು ಇವೆ. ಆದರೆ ಬರೆದ ಗಡುವು ದಾಟಿಹೋದಾಗ ಕಾರವಾರದ ಸಂತೆಯಲ್ಲಾಗಲಿ, ಶಿರಸಿಯ ಬಸ್ ಸ್ಟ್ಯಾಂಡಿನಲ್ಲಾಗಲಿ ಯಾರೂ ಆ ಬಗ್ಗೆ ಮಾತಾಡಿದ್ದು ನಾನು ಕೇಳಲಿಲ್ಲ. ವಿದ್ಯಾರ್ಥಿಗಳಿಗೆ ಈ ಉದಾಹರಣೆ ಕೊಟ್ಟ ಮೇಲೆ ಟುನೀಷಿಯಾದ ಜನ ಯಾಕೆ ಸುಮ್ಮನಿದ್ದರು ಎಂಬ ಪ್ರಶ್ನೆ ಮತ್ತೆ ಬರಲಿಲ್ಲ.

2021ರಲ್ಲಿ ಕೋರ್ಟಿನ ಕೊರತೆ ತಟ್ಟಿತು. ಜನವರಿಯಲ್ಲಿ ಪ್ರಧಾನಿ ಮೆಶೀಶಿ ಮಂತ್ರಿಮಂಡಲ ಬದಲಿಸಿದರು, ಸಂಸತ್ತು ಒಪ್ಪಿಗೆ ಕೊಟ್ಟಿತು. ಹೊಸ ಮಂತ್ರಿಗಳಿಗೆ ಪ್ರಮಾಣ ವಚನ ಕೊಡಿಸಲು ಅಧ್ಯಕ್ಷ ಸಯೀದ್ ಒಪ್ಪಲಿಲ್ಲ. ಅವರಲ್ಲಿ ಕೆಲವರು ಭ್ರಷ್ಟರು ಎಂದರು. ಅಧ್ಯಕ್ಷರಿಗೆ ಹಾಗೆ ತಡೆಯುವ ಅಧಿಕಾರ ಇದೆಯಾ ಇಲ್ಲವಾ? ಹೇಳಬೇಕಾದ ಕೋರ್ಟೇ ಇಲ್ಲ. ತಿಂಗಳುಗಟ್ಟಲೆ ಸರ್ಕಾರ ಅರ್ಧಂಬರ್ಧ ನಡೆಯಿತು. ಆಗ ಸಂಸತ್ತು ಎಚ್ಚೆತ್ತು, ನ್ಯಾಯಾಧೀಶರ ಆಯ್ಕೆಗೆ ಬೇಕಾದ ಬಹುಮತವನ್ನು ಐದನೇ ಮೂರಕ್ಕೆ ಇಳಿಸಿ ಕಾನೂನು ತಿದ್ದಿತು. ಏಪ್ರಿಲ್‌ನಲ್ಲಿ ಸಯೀದ್ ಅದಕ್ಕೆ ಸಹಿ ಹಾಕಲು ನಿರಾಕರಿಸಿದರು. ಕಾರಣ ಕೊಟ್ಟದ್ದೇನು ಗೊತ್ತಾ? ಕೋರ್ಟು ಕಟ್ಟುವ ಗಡುವು ಎಂದೋ ಮುಗಿದಿದೆ, ಈಗ ಕಟ್ಟುವುದು ಸಂವಿಧಾನಕ್ಕೆ ವಿರುದ್ಧ ಎಂದು. ಪಕ್ಷಗಳು ಆರು ವರ್ಷ ಮಾಡಿದ ತಡ ಅವರ ಕೈಗೆ ಸಿಕ್ಕ ಆಯುಧವಾಯಿತು.

ಜುಲೈ 25ರ ರಾತ್ರಿ ಸಯೀದ್ ಸಂವಿಧಾನದ 80ನೇ ವಿಧಿ ಹೆಸರಿಸಿ ಪ್ರಧಾನಿಯನ್ನು ವಜಾ ಮಾಡಿದರು, ಸಂಸತ್ತನ್ನು 30 ದಿನ ತಡೆಹಿಡಿದರು. ಆ ವಿಧಿಯನ್ನು ವಿದ್ಯಾರ್ಥಿಗಳಿಂದ ಓದಿಸಬೇಕು ಎಂಬುದು ನನ್ನ ಆಸೆ. ದೇಶಕ್ಕೆ ತಕ್ಷಣದ ಅಪಾಯ ಬಂದರೆ ಅಧ್ಯಕ್ಷರು ವಿಶೇಷ ಕ್ರಮ ತೆಗೆದುಕೊಳ್ಳಬಹುದು, ನಿಜ. ಆದರೆ ಆ ಇಡೀ ಅವಧಿಯಲ್ಲಿ ಸಂಸತ್ತು ಬಿಡುವಿಲ್ಲದೆ ಸೇರಿರಬೇಕು ಎಂದು ಅಲ್ಲೇ ಬರೆದಿದೆ. 30 ದಿನದ ನಂತರ ಸ್ಪೀಕರ್ ಅಥವಾ 30 ಸದಸ್ಯರು ಕೇಳಿದರೆ, ಅಪಾಯ ಇನ್ನೂ ಇದೆಯೇ ಎಂದು ಸಂವಿಧಾನ ನ್ಯಾಯಾಲಯ ತೀರ್ಮಾನಿಸಬೇಕು. ಸಂಸತ್ತಿನ ಬಾಗಿಲು ಮುಚ್ಚಿತ್ತು, ಕೋರ್ಟು ಹುಟ್ಟಿರಲಿಲ್ಲ. ಅಂದಮೇಲೆ ಆ ವಿಧಿಗೆ ಹಾಕಿದ್ದ ಎರಡೂ ಬೀಗ ಇಲ್ಲದ ಹಾಗಾಯಿತು. ನಮ್ಮಲ್ಲೂ 1975ರ ತುರ್ತು ಪರಿಸ್ಥಿತಿಯ ನಂತರ 44ನೇ ತಿದ್ದುಪಡಿ ತಂದು, ‘ಆಂತರಿಕ ಗಲಭೆ’ ಎಂಬ ಸಡಿಲ ಮಾತು ತೆಗೆದು ‘ಸಶಸ್ತ್ರ ದಂಗೆ’ ಎಂದು ಬಿಗಿ ಮಾಡಬೇಕಾಯಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬಿ.ಎ. ಹುಡುಗರಿಗೂ ಚೆನ್ನಾಗಿ ಅರ್ಥವಾಗುತ್ತದೆ.

ಆ ರಾತ್ರಿ ಟುನಿಸ್ ನಗರದ ಬೀದಿಗಳಲ್ಲಿ ಜನ ಕುಣಿದರು, ಕಾರಿನ ಹಾರನ್ ಬಾರಿಸಿದರು. ಈ ಭಾಗವನ್ನು ಮುಚ್ಚಿಟ್ಟು ಪಾಠ ಮಾಡಿದರೆ ಅದು ಸುಳ್ಳು ಪಾಠ. ಹತ್ತು ವರ್ಷದಲ್ಲಿ ದೇಶದ ಆರ್ಥಿಕತೆ ತೆವಳಿತ್ತು. 2011ರಲ್ಲಿ ಡಾಲರಿಗೆ ಸುಮಾರು 1.4 ದಿನಾರ್ ಇದ್ದದ್ದು 2021ಕ್ಕೆ ಸುಮಾರು 2.8 ಆಗಿತ್ತು, ಅಂದರೆ ದುಡ್ಡಿನ ಬೆಲೆ ಅರ್ಧಕ್ಕೆ ಇಳಿದಿತ್ತು. 2015ರ ಉಗ್ರರ ದಾಳಿಗಳಿಂದ ಪ್ರವಾಸೋದ್ಯಮ ಮಲಗಿತು. ಕ್ರಾಂತಿ ಹುಟ್ಟಿದ ಒಳನಾಡಿನ ಊರುಗಳಲ್ಲೇ ನಿರುದ್ಯೋಗ ಜಾಸ್ತಿ ಇತ್ತು. 2021ರ ಜುಲೈನಲ್ಲಿ ಕೋವಿಡ್ ಸಾವು ಏರಿ ಆಸ್ಪತ್ರೆಗಳಲ್ಲಿ ಆಮ್ಲಜನಕ ಸಾಲದೆ ಹೋಯಿತು, ಅದೇ ಹೊತ್ತಿಗೆ ಸಂಸತ್ತಿನಲ್ಲಿ ಸದಸ್ಯರು ಕೈಕೈ ಮಿಲಾಯಿಸುವುದನ್ನು ಜನ ಟಿವಿಯಲ್ಲಿ ನೋಡುತ್ತಿದ್ದರು. ಇಂಥ ಸಂಸತ್ತಿಗೆ ಬೀಗ ಬಿದ್ದರೆ ನಮಗೇನು ಎಂದು ಅವರಿಗೆ ಅನಿಸಿದ್ದು ಸಹಜ ಅಲ್ವಾ?

ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 2014ರ ಸಂಸತ್ ಚುನಾವಣೆಯಲ್ಲಿ ನೋಂದಾಯಿತ ಮತದಾರರಲ್ಲಿ ಶೇಕಡಾ 68ರಷ್ಟು ಜನ ಮತ ಹಾಕಿದ್ದರು. 2019ರಲ್ಲಿ ಅದು 42ರ ಆಸುಪಾಸಿಗೆ ಇಳಿಯಿತು. ಅಧಿಕಾರ ಶಾಂತಿಯಿಂದ ಕೈ ಬದಲಾಗುತ್ತಿದ್ದ ಅದೇ ವರ್ಷ, ಎರಡನೇ ಹಸ್ತಾಂತರದ ವರ್ಷವೇ, ಜನ ಮತಗಟ್ಟೆಗೆ ಬೆನ್ನು ತಿರುಗಿಸಿದ್ದರು. ಹಸ್ತಾಂತರ ಮಾತ್ರ ಎಣಿಸಿದವರಿಗೆ ಇದು ಕಾಣಲಿಲ್ಲ.

ಪಕ್ಕದಲ್ಲಿ ಸ್ಪೇನ್ ಇಟ್ಟು ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿಯ ಸರ್ವಾಧಿಕಾರಿ ಫ್ರಾಂಕೊ ಸತ್ತದ್ದು 1975ರಲ್ಲಿ, ಸಂವಿಧಾನ ಬಂದದ್ದು 1978ರಲ್ಲಿ. ಅಲ್ಲಿಯ ಸಂವಿಧಾನ ನ್ಯಾಯಾಲಯ 1980ರಲ್ಲೇ ಕೆಲಸ ಶುರು ಮಾಡಿತು. 1981ರ ಫೆಬ್ರವರಿ 23ರಂದು ಬಂದೂಕುಧಾರಿಗಳು ಸಂಸತ್ತಿಗೆ ನುಗ್ಗಿ ಸದಸ್ಯರನ್ನು ಒತ್ತೆ ಇಟ್ಟುಕೊಂಡರು. ದೊರೆ ಅದನ್ನು ವಿರೋಧಿಸಿದ, ಸೇನೆಯ ಹೆಚ್ಚಿನ ಭಾಗ ಅಲ್ಲಾಡಲಿಲ್ಲ, ನಾಲ್ಕೇ ದಿನದಲ್ಲಿ ಲಕ್ಷಾಂತರ ಜನ ಸಂಸತ್ತಿನ ಪರವಾಗಿ ಮೆರವಣಿಗೆ ಮಾಡಿದರು. ಮರುವರ್ಷ ಸಮಾಜವಾದಿಗಳು ಗೆದ್ದರು. ಸ್ಪೇನಿನಲ್ಲಿ ಆಗ ಆಗಿದ್ದು ಒಂದೇ ಹಸ್ತಾಂತರ, ಎರಡನೆಯದು ಬಂದದ್ದು 1996ರಲ್ಲಿ. ಎರಡು ಸಲದ ಲೆಕ್ಕ ಹಿಡಿದರೆ 1996ರ ತನಕ ಸ್ಪೇನಿನ ಪ್ರಜಾಪ್ರಭುತ್ವ ಗಟ್ಟಿಯಾಗಿರಲಿಲ್ಲ, 2019ರಲ್ಲಿ ಟುನೀಷಿಯಾದ್ದು ಗಟ್ಟಿಯಾಗಿತ್ತು! ಸ್ಪೇನ್ ಟುನೀಷಿಯಾಕ್ಕಿಂತ ಬಹಳ ಶ್ರೀಮಂತ ದೇಶ, ಯೂರೋಪಿನ ಸಮುದಾಯ ಸೇರುವ ಆಸೆಯೂ ಅದಕ್ಕಿತ್ತು ಎನ್ನುವುದನ್ನು ಮರೆಯಬಾರದು. ಬಡ ದೇಶದ ಪ್ರಜಾಪ್ರಭುತ್ವ ಮುರಿಯುವ ಸಾಧ್ಯತೆ ಜಾಸ್ತಿ ಎನ್ನುವುದು ಈ ಅಧ್ಯಯನದಲ್ಲಿ ಹಳೆಯ, ಗಟ್ಟಿ ತೀರ್ಮಾನ. ಆದರೆ ಬಡತನ ಒಂದೇ ಕಾರಣವಾಗಿದ್ದರೆ ಭಾರತ ಎಂದೋ ಮುರಿಯಬೇಕಿತ್ತು.

ಜುಲೈ 25ರ ನಂತರದ್ದನ್ನು ಪಠ್ಯದಲ್ಲಿ ಕ್ರಮವಾಗಿ ಹೇಳಬೇಕು, ಕ್ರಮದಲ್ಲೇ ಪಾಠ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಸುಗ್ರೀವಾಜ್ಞೆಯಿಂದಲೇ ಆಳಲು ತೊಡಗಿದರು. 2022ರ ಫೆಬ್ರವರಿಯಲ್ಲಿ ನ್ಯಾಯಾಂಗ ಮಂಡಳಿ ವಿಸರ್ಜನೆ, ಮಾರ್ಚ್‌ನಲ್ಲಿ ಸಂಸತ್ತಿನ ವಿಸರ್ಜನೆ. ಚುನಾವಣಾ ಆಯೋಗದ ಸದಸ್ಯರನ್ನು ನೇಮಿಸುವ ಅಧಿಕಾರವೂ ಅಧ್ಯಕ್ಷರ ಕೈಗೆ ಬಂತು. ಜೂನ್‌ನಲ್ಲಿ 57 ನ್ಯಾಯಾಧೀಶರ ವಜಾ. ಇಷ್ಟಾದ ಮೇಲೆ, ಜುಲೈ 25ರಂದು, ಹೊಸ ಸಂವಿಧಾನಕ್ಕೆ ಜನಮತ. ಮತ ಹಾಕಿದವರು ಶೇಕಡಾ 30ರಷ್ಟು, ಹಾಕಿದವರಲ್ಲಿ ಹೌದು ಎಂದವರು 94ಕ್ಕೂ ಹೆಚ್ಚು. 2023ರಲ್ಲಿ ಚುನಾಯಿತ ನಗರಸಭೆಗಳೂ ಹೋದವು, ಎನ್ನಹ್ದಾದ ಹಿರಿಯ ನಾಯಕ ಗನ್ನೂಷಿಯ ಬಂಧನವೂ ಆಯಿತು. 2024ರ ಅಕ್ಟೋಬರ್‌ನಲ್ಲಿ ಸಯೀದ್ ಶೇಕಡಾ 90 ಮತದಿಂದ ಮರು ಆಯ್ಕೆಯಾದರು, ಮತದಾನ ಶೇಕಡಾ 29ರಷ್ಟು. ಗಮನಿಸಿ, ಚುನಾವಣೆ ನಿಂತಿಲ್ಲ. ಮೊದಲು ಕೈ ಹಾಕಿದ್ದು ಇಲ್ಲ ಎನ್ನಬಲ್ಲ ಸಂಸ್ಥೆಗಳಿಗೆ, ಮತಪೆಟ್ಟಿಗೆಗೆ ಆಮೇಲೆ. ಪ್ರತಿ ಹೆಜ್ಜೆಗೂ ಒಂದು ಆದೇಶ, ಒಂದು ವಿಧಿ, ಒಂದು ಸಹಿ ಇದೆ. ಹಾಗಾಗಿ ಯಾವ ದಿನ ಪ್ರಜಾಪ್ರಭುತ್ವ ಹೋಯಿತು ಎಂದು ಕೇಳಿದರೆ ಟುನೀಷಿಯಾದವರೇ ಬೇರೆಬೇರೆ ದಿನಾಂಕ ಹೇಳುತ್ತಾರೆ.

2013ರಲ್ಲಿ ದೇಶ ಉಳಿಸಿದ ಕಾರ್ಮಿಕ ಒಕ್ಕೂಟ 2021ರಲ್ಲಿ ಎಲ್ಲಿತ್ತು? ಮೊದಲ ದಿನಗಳಲ್ಲಿ ಅದು ಸಯೀದ್ ಅವರನ್ನು ನೇರವಾಗಿ ವಿರೋಧಿಸಲಿಲ್ಲ. ಪಕ್ಷಗಳ ಜಗಳದಿಂದ ಅದಕ್ಕೂ ಸಾಕಾಗಿತ್ತು. ಅಷ್ಟೇ ಅಲ್ಲ, 2013ರಲ್ಲಿ ಎರಡು ಬಣಗಳ ಬಲ ಸಮ ಇತ್ತು, ಇಬ್ಬರಿಗೂ ಮಧ್ಯಸ್ಥರು ಬೇಕಿದ್ದರು. 2021ರಲ್ಲಿ ಒಬ್ಬರಿಗೆ ಸೇನೆ, ಪೊಲೀಸು, ಜನಪ್ರಿಯತೆ ಮೂರೂ ಇತ್ತು. ಅಂಥವರು ಮಾತುಕತೆಗೆ ಯಾಕೆ ಕೂರುತ್ತಾರೆ? ನೊಬೆಲ್ ಬಂದ ಕಥೆ ಮಾತ್ರ ಹೇಳುವ ಪಠ್ಯದಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ.

ನನ್ನ ಕೋರಿಕೆ ಇಷ್ಟು. ಮುಂದಿನ ಪರಿಷ್ಕರಣೆಯಲ್ಲಿ ಈ ಘಟಕದಿಂದ ಐದು ಹಂತಗಳ ಪಟ್ಟಿಯನ್ನು ಬೇಕಾದರೆ ಉಳಿಸಿ, ಆದರೆ ಅದರ ಕೆಳಗೆ ಒಂದು ದೇಶದ ಕಥೆಯನ್ನು ಪೂರ್ತಿ ಕೊಡಿ. 2014ರ ಸಂವಿಧಾನದ 80ನೇ ವಿಧಿಯ ಕನ್ನಡ ಅನುವಾದ ಅರ್ಧ ಪುಟವೂ ಆಗುವುದಿಲ್ಲ, ಅದನ್ನು ಸೇರಿಸಿ. ‘ಹಂತಗಳನ್ನು ವಿವರಿಸಿ’ ಎಂಬ ಪ್ರಶ್ನೆಯ ಬದಲು ‘ಟುನೀಷಿಯಾದಲ್ಲಿ ಸಂವಿಧಾನ ನ್ಯಾಯಾಲಯ 2016ರಲ್ಲೇ ಕೂತಿದ್ದರೆ 2021ರಲ್ಲಿ ಏನು ಬೇರೆಯಾಗುತ್ತಿತ್ತು, ಏನು ಆಗುತ್ತಿರಲಿಲ್ಲ?’ ಎಂದು ಕೇಳಿ. ಕೋರ್ಟು ಇದ್ದಿದ್ದರೂ ಸಯೀದ್ ಅದನ್ನೂ ಮುಚ್ಚುತ್ತಿದ್ದರು ಎಂದು ಒಬ್ಬ ಬರೆಯಬಹುದು. ಜನವರಿಯ ಜಗಳವೇ ಬಗೆಹರಿದು ಜುಲೈ ಬರುತ್ತಲೇ ಇರಲಿಲ್ಲ ಎಂದು ಇನ್ನೊಬ್ಬಳು ಬರೆಯಬಹುದು. ಕಾರಣ ಕೊಟ್ಟರೆ ಇಬ್ಬರಿಗೂ ಪೂರ್ಣ ಅಂಕ ಸಿಗುವ ಹಾಗೆ ಮಾದರಿ ಉತ್ತರ ಇರಲಿ.

ಈ ಘಟಕದ ಕರಡನ್ನು ನಾನು ಬರೆದು ಇಟ್ಟಿದ್ದೇನೆ. ಸಭೆಗೆ ಕರೆದರೆ ಕಾರವಾರದಿಂದ ನನ್ನದೇ ಖರ್ಚಿನಲ್ಲಿ ಬರುತ್ತೇನೆ.

ಇಂತಿ,
ಕಾರವಾರದ ಒಬ್ಬ ರಾಜ್ಯಶಾಸ್ತ್ರ ಅಧ್ಯಾಪಕಿ